ಫುಟ್‌ವಾಲ್ವ್ ತಳದಲ್ಲಿದ್ದರೂ ಲೆಕ್ಕ ಮೇಲಿನ ಪದರದಿಂದಲೇ ಏಕೆ?

ಪ್ರಶ್ನೆ: ನಮ್ಮ ಹೊಲದಲ್ಲಿ ಒಂದು ಕೃಷಿಹೊಂಡವಿದೆ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, ಆಳ 3 ಮೀಟರ್. ಈಗ ತಳದಿಂದ 2 ಮೀಟರ್ ನೀರು ನಿಂತಿದೆ. ಅದನ್ನೆಲ್ಲ ಮೇಲಿನ ತೊಗರಿ ಹೊಲಕ್ಕೆ ಎತ್ತಲು ಎಷ್ಟು ಕೆಲಸ ಬೇಕೆಂದು ಲೆಕ್ಕ ಮಾಡಿ ತರಲು ಕಾಲೇಜಿನಲ್ಲಿ ಹೇಳಿದ್ದಾರೆ. ಪೈಪಿನ ಬಾಯಿ ಹೊಂಡದ ದಂಡೆಗಿಂತ 2 ಮೀಟರ್ ಮೇಲಿದೆ. ನಾನು ಪದರಗಳಾಗಿ ಕತ್ತರಿಸಿ ಮಾಡಿದೆ. ಒಟ್ಟು ತೂಕವನ್ನು ಸರಾಸರಿ ಎತ್ತರ 4 ಮೀಟರಿನಿಂದ ಗುಣಿಸಿದರೆ ಸಾಕು ಎಂದು ಗೆಳತಿ ಹೇಳುತ್ತಾಳೆ. ಅಪ್ಪ ಮಾತ್ರ ಇಬ್ಬರದೂ ತಪ್ಪು ಎನ್ನುತ್ತಾರೆ. ಫುಟ್‌ವಾಲ್ವ್ ಇರುವುದು ತಳದಲ್ಲಿ, ನೀರೆಲ್ಲ ಅಲ್ಲಿಂದಲೇ ಏರುತ್ತದೆ, ಆದ್ದರಿಂದ ಎಲ್ಲ ನೀರಿಗೂ 5 ಮೀಟರ್ ಹಿಡಿಯಬೇಕು ಎಂಬುದು ಅವರ ವಾದ. ಮೂರು ಉತ್ತರಗಳು ಬಂದಿವೆ. ಯಾವುದು ಸರಿ, ಏಕೆ?

— ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ದಾರಿ ಸರಿ. ಆದರೆ ಮೊದಲು ಉತ್ತರ ಕೊಡಬೇಕಾದದ್ದು ನಿಮ್ಮ ತಂದೆಯವರ ಮಾತಿಗೆ. ಮೂರರಲ್ಲಿ ನಿಜವಾಗಿ ಯೋಚಿಸಬೇಕಾದ ಪ್ರಶ್ನೆ ಅದು. ಕಲಬುರಗಿಯಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ್ದೇನೆ. ಅನುಕಲನವನ್ನು ತಪ್ಪಿಲ್ಲದೆ ಮಾಡುವ ಎಷ್ಟೋ ಮಕ್ಕಳಿಗೆ ಈ ಪ್ರಶ್ನೆ ಹೊಳೆದೇ ಇರುವುದಿಲ್ಲ. ಮೋಟರಿನ ಪಕ್ಕ ನಿಂತು ನೀರು ಹಾಯಿಸಿದವರಿಗೆ ಅದು ಹೊಳೆಯುತ್ತದೆ.

ಪುಸ್ತಕದ ಲೆಕ್ಕದಲ್ಲಿ ನಾವು ಮೇಲಿನ ತೆಳು ಪದರವನ್ನು ಮೊದಲು ಎತ್ತುತ್ತೇವೆ, ಆಮೇಲೆ ಅದರ ಕೆಳಗಿನದನ್ನು, ಹೀಗೆ ತಳದವರೆಗೆ. ಹೊಲದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ತಳದ ನೀರು ಮೊದಲು ಪೈಪಿಗೆ ಹೋಗುತ್ತದೆ, ಮೇಲಿನ ನೀರು ಇಳಿದು ಬಂದು ಅದರ ಜಾಗ ತುಂಬುತ್ತದೆ. ಹಾಗಿದ್ದರೂ ಎರಡರ ಕೆಲಸವೂ ಒಂದೇ ಆಗುವುದು ಹೇಗೆ?

ಗೌಂಡಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ನಿಮ್ಮೂರಲ್ಲೂ ಸಿಗುತ್ತದೆ. ಅದರ ಎರಡೂ ಬಾಯಿ ತೆರೆದಿಟ್ಟು, ಒಂದು ತುದಿಗೆ ಕಲ್ಲು ಕಟ್ಟಿ ಹೊಂಡದ ತಳಕ್ಕೆ ಇಳಿಸಿ. ಕಲ್ಲು ಪೈಪಿನ ಬಾಯಿಯನ್ನು ಮುಚ್ಚದಂತೆ ನೋಡಿಕೊಳ್ಳಿ. ಇನ್ನೊಂದು ತುದಿಯನ್ನು ನೀರಿನಿಂದ ಮೇಲಕ್ಕೆ ನೆಟ್ಟಗೆ ಹಿಡಿಯಿರಿ. ಪೈಪಿನೊಳಗೆ ನೀರು ಎಲ್ಲಿಯವರೆಗೆ ಏರಿ ನಿಂತಿದೆ ಎಂದು ನೋಡಿ. ಹೊರಗೆ ಹೊಂಡದ ನೀರು ಎಲ್ಲಿದೆಯೋ ಒಳಗೂ ಸರಿಯಾಗಿ ಅಲ್ಲಿಯೇ ಇರುತ್ತದೆ. ಪೈಪಿನ ಬಾಯಿ ತಳದಲ್ಲಿದೆ, ಮೋಟರ್ ಇಲ್ಲ, ಯಾರೂ ಎಳೆದಿಲ್ಲ. ಆದರೂ ನೀರು ತಳದಿಂದ 2 ಮೀಟರ್ ತಾನಾಗಿಯೇ ಏರಿದೆ. ಏರಿಸಿದ್ದು ಸುತ್ತಲಿನ ನೀರಿನ ಒತ್ತಡ.

ಪಂಪಿನ ಪೈಪಿನಲ್ಲಿಯೂ ಇದೇ ನಡೆಯುತ್ತದೆ. ತಳದಿಂದ ನೀರಿನ ಮೇಲ್ಮೈವರೆಗಿನ ಏರಿಕೆಯನ್ನು ಹೊಂಡದ ನೀರೇ ಮಾಡಿಕೊಡುತ್ತದೆ. ಪಂಪು ಹೊರಬೇಕಾದದ್ದು ಮೇಲ್ಮೈಯಿಂದ ಪೈಪಿನ ಬಾಯಿಯವರೆಗಿನ ಎತ್ತರವನ್ನು ಮಾತ್ರ. ಈಗ ನಿಮ್ಮ ಹೊಂಡದಲ್ಲಿ ಮೇಲ್ಮೈ ದಂಡೆಗಿಂತ 1 ಮೀಟರ್ ಕೆಳಗಿದೆ, ಪೈಪಿನ ಬಾಯಿ ದಂಡೆಗಿಂತ 2 ಮೀಟರ್ ಮೇಲಿದೆ. ಹಾಗಾಗಿ ಮೋಟರ್ ಹಾಕಿದ ಗಳಿಗೆಯಲ್ಲಿ ಎತ್ತಬೇಕಾದದ್ದು 3 ಮೀಟರ್. ನೀರು ಇಳಿದಂತೆ ಮೇಲ್ಮೈ ಕೆಳಗೆ ಹೋಗುತ್ತದೆ, ಎತ್ತರ ಬೆಳೆಯುತ್ತದೆ. ಕೊನೆಯ ನೀರಿಗೆ ಮಾತ್ರ ಅದು 5 ಮೀಟರ್ ಮುಟ್ಟುತ್ತದೆ. ನೀರಾವರಿ ಇಂಜಿನಿಯರುಗಳು ಹೆಡ್ ಎಂದು ಅಳೆಯುವಾಗಲೂ ಫುಟ್‌ವಾಲ್ವ್‌ನಿಂದ ಟೇಪು ಹಿಡಿಯುವುದಿಲ್ಲ, ನೀರಿನ ಮಟ್ಟದಿಂದ ಹಿಡಿಯುತ್ತಾರೆ.

ಇನ್ನೊಂದು ಕಡೆಯಿಂದಲೂ ಇದನ್ನು ನೋಡಬಹುದು. ಒಂದು ಕೊಡ ನೀರು ತಳದಿಂದ ಹೋಯಿತು ಎನ್ನಿ. ಹೊಂಡದಲ್ಲಿ ಕಡಿಮೆಯಾಗಿ ಕಾಣುವುದು ಎಲ್ಲಿ? ಮೇಲೆ. ತಳದಲ್ಲಿ ಮೊದಲಿನಂತೆಯೇ ನೀರಿದೆ. ಹಿಂದಿನ ಸ್ಥಿತಿಗೂ ಈಗಿನ ಸ್ಥಿತಿಗೂ ಇರುವ ವ್ಯತ್ಯಾಸ ಇಷ್ಟೇ: ಮೇಲ್ಮೈಯ ಒಂದು ಪದರ ಅಲ್ಲಿಲ್ಲ, ಅಷ್ಟೇ ನೀರು ಪೈಪಿನ ಬಾಯಿಯ ಎತ್ತರದಲ್ಲಿದೆ. ಗುರುತ್ವದ ಎದುರು ಆಗುವ ಕೆಲಸ ಮೊದಲ ಮತ್ತು ಕೊನೆಯ ಎತ್ತರಗಳನ್ನು ಮಾತ್ರ ಕೇಳುತ್ತದೆ, ನಡುವೆ ಯಾವ ಹನಿ ಯಾವ ದಾರಿ ಹಿಡಿಯಿತು ಎಂದು ಕೇಳುವುದಿಲ್ಲ. ಆದ್ದರಿಂದಲೇ ಮೇಲಿನ ಪದರವನ್ನು ಮೊದಲು ಎತ್ತಿದಂತೆ ಬರೆಯುವ ಲೆಕ್ಕ ಸುಳ್ಳಾಗುವುದಿಲ್ಲ.

ನಿಮ್ಮ ತಂದೆಯವರು ಇದನ್ನು ಕಣ್ಣಾರೆ ಕಂಡೇ ಇರುತ್ತಾರೆ. ಹೊಂಡ ತುಂಬಿದ್ದಾಗ ಪೈಪಿನ ಬಾಯಿಂದ ದಪ್ಪಗೆ ಬೀಳುವ ನೀರು ತಳ ಕಾಣುವ ಹೊತ್ತಿಗೆ ಸಣ್ಣಗಾಗುತ್ತದೆ. ಎಲ್ಲ ನೀರನ್ನೂ ಮೊದಲಿನಿಂದ 5 ಮೀಟರ್ ಎತ್ತುತ್ತಿದ್ದರೆ ಧಾರೆ ಕೊನೆಯವರೆಗೂ ಒಂದೇ ಸಮನಾಗಿರಬೇಕಿತ್ತು. ಹಾಗೆಂದು ಅವರ 5 ಮೀಟರ್ ಕೆಲಸಕ್ಕೆ ಬಾರದ ಸಂಖ್ಯೆಯಲ್ಲ. ಪಂಪು ಕೊಳ್ಳುವಾಗ ನೀರೆತ್ತುವ ಎತ್ತರಕ್ಕೆ ಹಿಡಿಯಬೇಕಾದದ್ದು ಅದನ್ನೇ, ಏಕೆಂದರೆ ಕೊನೆಯ ಪದರವನ್ನೂ ಎತ್ತಲು ಬರುವ ಪಂಪೇ ಬೇಕು. ಅವರು ಪಂಪು ಆರಿಸುವ ಲೆಕ್ಕ ಹೇಳಿದ್ದಾರೆ. ನಿಮ್ಮನ್ನು ಕೇಳಿರುವುದು ಒಟ್ಟು ಕೆಲಸದ ಲೆಕ್ಕ.

ಇನ್ನು ಕತ್ತರಿಸುವ ಮಾತು. ಪದರವನ್ನು ಅಡ್ಡಲಾಗಿಯೇ ಏಕೆ ಕತ್ತರಿಸಬೇಕು? ಕೆಲಸ ಎಂದರೆ ತೂಕ ಗುಣಿಸು ಎತ್ತರ. ಈ ಗುಣಾಕಾರ ಮಾಡಬೇಕಾದರೆ ತುಂಡಿನೊಳಗಿನ ಎಲ್ಲ ನೀರಿಗೂ ಒಂದೇ ಎತ್ತರ ಇರಬೇಕು. ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಡ್ಡ ಪದರಗಳನ್ನು ಮಾಡಿದರೆ, ಒಂದು ರೊಟ್ಟಿಯ ಎಲ್ಲ ಭಾಗವೂ ಒಂದೇ ಆಳದಲ್ಲಿರುತ್ತದೆ. ಉದ್ದಕ್ಕೆ ಕತ್ತರಿಸಿದರೆ ಒಂದೇ ತುಂಡಿನಲ್ಲಿ 3 ಮೀಟರ್ ಏರುವ ನೀರೂ 5 ಮೀಟರ್ ಏರುವ ನೀರೂ ಸೇರಿಕೊಳ್ಳುತ್ತವೆ. ಆಗ ಆ ತುಂಡನ್ನು ಯಾವ ಸಂಖ್ಯೆಯಿಂದ ಗುಣಿಸುತ್ತೀರಿ?

ಅನುಕಲನಕ್ಕೆ ಕೈ ಹಾಕುವ ಮೊದಲು ನಾಲ್ಕೇ ನಾಲ್ಕು ದಪ್ಪ ಪದರಗಳಿಂದ ಕೈಲೆಕ್ಕ ಮಾಡಿ ನೋಡಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ದಂಡೆಯಿಂದ ಕೆಳಕ್ಕೆ ಅಳೆಯುವ ಆಳವನ್ನು h ಎನ್ನೋಣ. ನೀರು ಇರುವುದು h = 1 ರಿಂದ h = 3 ರವರೆಗೆ. ಅರ್ಧ ಅರ್ಧ ಮೀಟರಿಗೆ ಒಂದರಂತೆ ನಾಲ್ಕು ಪದರ. ಪ್ರತಿ ಪದರದ ನಡುಮಟ್ಟದ ಅಳತೆಯನ್ನು ಇಡೀ ಪದರಕ್ಕೆ ಹಿಡಿಯೋಣ.

ಮೊದಲ ಪದರದ ನಡು h = 1.25 ರಲ್ಲಿದೆ. ಅಲ್ಲಿ ಹೊಂಡದ ಬದಿ ಎಷ್ಟು? ಮೇಲೆ 12, ತಳದಲ್ಲಿ 6, ಅಂದರೆ 3 ಮೀಟರ್ ಇಳಿಯುವಾಗ ಬದಿ 6 ಮೀಟರ್ ಕಿರಿದಾಗುತ್ತದೆ. ಒಂದು ಮೀಟರ್ ಇಳಿದರೆ 2 ಮೀಟರ್. ಆದ್ದರಿಂದ h ಆಳದಲ್ಲಿ ಬದಿ 12 − 2h. ಮೊದಲ ಪದರಕ್ಕೆ ಅದು 9.5 ಮೀಟರ್, ವಿಸ್ತೀರ್ಣ 90.25 ಚದರ ಮೀಟರ್, ಅರ್ಧ ಮೀಟರ್ ದಪ್ಪಕ್ಕೆ 45.1 ಘನ ಮೀಟರ್ ನೀರು. ಅದು ದಂಡೆಗೆ ಬರಲು 1.25, ಅಲ್ಲಿಂದ ಪೈಪಿನ ಬಾಯಿಗೆ 2, ಒಟ್ಟು 3.25 ಮೀಟರ್ ಏರಬೇಕು. ಗುಣಿಸಿದರೆ 146.7. ಇದೇ ರೀತಿ ಎರಡನೆಯ ಪದರಕ್ಕೆ ಬದಿ 8.5, ಏರಿಕೆ 3.75, ಗುಣಲಬ್ಧ 135.5. ಮೂರನೆಯದಕ್ಕೆ 7.5 ಮತ್ತು 4.25, ಬರುವುದು 119.5. ತಳದ ಪದರಕ್ಕೆ 6.5 ಮತ್ತು 4.75, ಬರುವುದು 100.3. ನಾಲ್ಕನ್ನೂ ಕೂಡಿದರೆ 502. ಒಂದು ಘನ ಮೀಟರ್ ನೀರಿನ ತೂಕ 9800 ನ್ಯೂಟನ್. ಅದರಿಂದ ಗುಣಿಸಿದರೆ ಸುಮಾರು 49.2 ಲಕ್ಷ ಜೌಲ್.

ಈಗ ಅದನ್ನೇ ಬೇಕಾದಷ್ಟು ತೆಳುವಾದ ಪದರಗಳಿಂದ ಬರೆದರೆ:

```
W = ∫ 9800 · (12 − 2h)² · (h + 2) dh,   h = 1 → 3
  = 9800 · 4 · ∫ (h³ − 10h² + 12h + 72) dh
  = 9800 · 501.33
  ≈ 49,13,000 J
```

ಇದು ನಿಖರ ಉತ್ತರ: 49.13 ಲಕ್ಷ ಜೌಲ್. ನಾಲ್ಕು ದಪ್ಪ ಪದರಗಳ ಲೆಕ್ಕವೂ ಅದರ ಪಕ್ಕಕ್ಕೇ ಬಂದು ನಿಂತಿದೆ. ಅನುಕಲನ ಬೇರೆ ಉತ್ತರ ತಂದರೆ, ಉದಾಹರಣೆಗೆ 60 ಲಕ್ಷ ಬಂದರೆ, ಎಲ್ಲೋ ಎಡವಿದ್ದೀರಿ ಎಂದು ಕೈಲೆಕ್ಕವೇ ಹೇಳುತ್ತದೆ. ನೀವು ನಿಮ್ಮ ಸಂಖ್ಯೆಯನ್ನು ಬರೆದಿಲ್ಲ. ಈ ಉತ್ತರದ ಪಕ್ಕದಲ್ಲಿಟ್ಟು ನೋಡಿ.

ಬೇರೆ ಬಂದಿದ್ದರೆ ಎರಡು ಕಡೆ ಹುಡುಕಿ. ಉತ್ತರ ಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪುಗಳು ಇವೆರಡೇ. ಒಂದು, ಬದಿಯನ್ನು 12 − h ಎಂದು ಬರೆಯುವುದು. ಒಂದು ಮೀಟರ್ ಇಳಿದಾಗ ಇಳಿಜಾರು ಒಂದು ಮೀಟರ್ ಒಳಗೆ ಬರುವುದು ನಿಜ, ಆದರೆ ಅದು ಎಡದಿಂದಲೂ ಬರುತ್ತದೆ, ಬಲದಿಂದಲೂ ಬರುತ್ತದೆ. ಇದನ್ನು ಹಿಡಿಯುವುದು ಸುಲಭ. ಬರೆದ ಸೂತ್ರದಲ್ಲಿ h = 3 ಹಾಕಿ. 6 ಬರಬೇಕು. 9 ಬಂದರೆ ಅದು ನಿಮ್ಮ ಹೊಂಡವಲ್ಲ. ಇನ್ನೊಂದು, ಮಿತಿಗಳನ್ನು 0 ಯಿಂದ 3 ರವರೆಗೆ ಹಾಕುವುದು. ಹೊಂಡದ ಆಳ 3 ಮೀಟರ್ ಎಂಬುದು ತಲೆಯಲ್ಲಿ ಕೂತಿರುತ್ತದೆ. ಆದರೆ ಮೇಲಿನ ಒಂದು ಮೀಟರಿನಲ್ಲಿ ನೀರೇ ಇಲ್ಲ, ಇಲ್ಲದ ನೀರನ್ನು ಎತ್ತುವುದು ಹೇಗೆ? ಮಿತಿಗಳು ನೀರಿನವು, ತೊಟ್ಟಿಯವಲ್ಲ. ಪೈಪಿನ ಬಾಯಿಯ 2 ಮೀಟರ್ ಕೂಡ ಮಿತಿಗೆ ಸೇರುವುದಿಲ್ಲ, ಅದು ಏರಿಕೆಯ h + 2 ರಲ್ಲಿ ಕೂರುತ್ತದೆ.

ಕೆಲವರು ತಳದಿಂದ ಮೇಲಕ್ಕೆ ಅಳೆದು ಅದನ್ನು y ಎನ್ನುತ್ತಾರೆ. ಅದೂ ಸರಿಯೇ. ಆಗ ಬದಿ 6 + 2y, ಏರಿಕೆ 5 − y, ಮಿತಿ 0 ಯಿಂದ 2. ಉತ್ತರ ಅದೇ 501.33 ಗುಣಿಸು 9800. ಬದಿಯನ್ನು ತಳದಿಂದ, ಏರಿಕೆಯನ್ನು ದಂಡೆಯಿಂದ ಅಳೆದು ಎರಡನ್ನೂ ಬೆರೆಸಿದರೆ ಮಾತ್ರ ಕೆಡುತ್ತದೆ. ನಮ್ಮ ಕಡೆಯ ಹೊಂಡಗಳಲ್ಲಿ ದಂಡೆಯ ಮೇಲೆ ನಿಂತು ಹಗ್ಗ ಇಳಿಬಿಟ್ಟು ಅಳೆಯುವುದೇ ರೂಢಿ. ಆದ್ದರಿಂದ ನಾನು ದಂಡೆಯಿಂದ ಕೆಳಕ್ಕೆ ಅಳೆಯುವುದನ್ನು ಇಷ್ಟಪಡುತ್ತೇನೆ. ಅಳತೆ ತೆಗೆದುಕೊಂಡ ಹಾಗೆಯೇ ಸೂತ್ರದಲ್ಲಿ ಕೂರುತ್ತದೆ.

ನಿಮ್ಮ ಗೆಳತಿಯ ಲೆಕ್ಕವನ್ನು ನೋಡೋಣ. ಹೊಂಡದಲ್ಲಿರುವ ನೀರು 130.67 ಘನ ಮೀಟರ್. ಅದನ್ನು 9800 ರಿಂದಲೂ 4 ಮೀಟರಿನಿಂದಲೂ ಗುಣಿಸಿದರೆ 51.2 ಲಕ್ಷ ಜೌಲ್. ಸರಿಯಾದ ಉತ್ತರಕ್ಕಿಂತ ಶೇಕಡ 4 ರಷ್ಟು ಮಾತ್ರ ಹೆಚ್ಚು. ನಿಮ್ಮ ತಂದೆಯವರ 5 ಮೀಟರ್ ಹಿಡಿದರೆ 64 ಲಕ್ಷ, ಅಂದರೆ ಶೇಕಡ 30 ರಷ್ಟು ಹೆಚ್ಚು. ಗೆಳತಿಯ ಉತ್ತರ ಹತ್ತಿರ ಬಂದದ್ದರಿಂದಲೇ ಅದು ಹೆಚ್ಚು ಮೋಸ ಮಾಡುತ್ತದೆ.

ಅವಳು 3 ಮತ್ತು 5 ರ ನಡುವನ್ನು ಹಿಡಿದಳು. ಪ್ರತಿ ಮಟ್ಟದಲ್ಲೂ ಒಂದೇ ಅಷ್ಟು ನೀರಿದ್ದರೆ ಅದು ಸರಿ. ನೆಟ್ಟಗೆ ನಿಂತ ಸಿಂಟೆಕ್ಸ್ ಮಾದರಿಯ ದುಂಡು ತೊಟ್ಟಿಗೆ, ನೇರ ಗೋಡೆಯ ಸಿಮೆಂಟ್ ತೊಟ್ಟಿಗೆ ಅವಳ ದಾರಿ ನಿಖರ ಉತ್ತರವನ್ನೇ ಕೊಡುತ್ತದೆ. ನಿಮ್ಮ ಹೊಂಡ ಮೇಲೆ ಅಗಲ, ಕೆಳಗೆ ಕಿರಿದು. ಕಡಿಮೆ ಏರಬೇಕಾದ ಮೇಲಿನ ನೀರೇ ಹೆಚ್ಚಿದೆ. ಹಾಗಾಗಿ ನಿಜವಾದ ಸರಾಸರಿ ಏರಿಕೆ 4 ಕ್ಕಿಂತ ಕಡಿಮೆಯಾಗಲೇಬೇಕು. 501.33 ನ್ನು 130.67 ರಿಂದ ಭಾಗಿಸಿದರೆ ಅದು 3.84 ಮೀಟರ್. ನೀರಿನ ಗುರುತ್ವಕೇಂದ್ರ ಏರಬೇಕಾದ ಎತ್ತರ ಇದು. ಒಟ್ಟು ತೂಕವನ್ನು ಗುರುತ್ವಕೇಂದ್ರದ ಏರಿಕೆಯಿಂದ ಗುಣಿಸುವ ದಾರಿ ಯಾವ ಆಕಾರಕ್ಕೂ ಸರಿ. ಆದರೆ ಆ ಕೇಂದ್ರವನ್ನು ಕಂಡುಹಿಡಿಯಲು ಮತ್ತೆ ಪದರಗಳಿಗೇ ಬರಬೇಕು.

ಶೇಕಡ 4 ಅಲ್ಲವೇ, ಹೋಗಲಿ ಎನ್ನಬಹುದು. ತಳ ಮೊನಚಾಗಿರುವ ಶಂಕುವಿನಾಕಾರದ ತೊಟ್ಟಿಯನ್ನು ತೆಗೆದುಕೊಳ್ಳಿ. ಬಾಯಿ ಮೇಲೆ, ಮೊನೆ ಕೆಳಗೆ, ಆಳ 4 ಮೀಟರ್, ಅಂಚಿನವರೆಗೆ ನೀರು, ಅಂಚಿನವರೆಗೆ ಎತ್ತಿದರೆ ಸಾಕು. ಗೆಳತಿಯ ಲೆಕ್ಕದಲ್ಲಿ ಸರಾಸರಿ ಏರಿಕೆ 2 ಮೀಟರ್. ಆದರೆ ಶಂಕುವಿನ ಗುರುತ್ವಕೇಂದ್ರ ಬಾಯಿಯಿಂದ ಆಳದ ಕಾಲು ಭಾಗದಲ್ಲಿದೆ, ಅಂದರೆ ನಿಜವಾದ ಏರಿಕೆ 1 ಮೀಟರ್. ಅವಳ ಉತ್ತರ ಎರಡು ಪಟ್ಟಾಗುತ್ತದೆ. ಅದೇ ಶಂಕುವನ್ನು ತಲೆಕೆಳಗು ಮಾಡಿ ಮೊನೆಯನ್ನು ಮೇಲಿಟ್ಟರೆ ಏರಿಕೆ 3 ಮೀಟರ್ ಆಗಿ, ಅವಳ ಉತ್ತರ ಈ ಸಲ ಕಡಿಮೆ ಬೀಳುತ್ತದೆ. ಅದೇ ನೀರು, ಅದೇ ಆಳ.

ಕಾಲೇಜಿಗೆ ಇಷ್ಟು ಸಾಕು. ಆದರೆ ಇದು ನಿಮ್ಮದೇ ಹೊಂಡವಾದ್ದರಿಂದ, ಮನೆಯಲ್ಲಿ ಈ ಉತ್ತರ ತೋರಿಸಿದಾಗ ಮತ್ತೊಂದು ಪ್ರಶ್ನೆ ಬಂದೇ ಬರುತ್ತದೆ. 36 ಲಕ್ಷ ಜೌಲ್ ಎಂದರೆ ವಿದ್ಯುತ್ತಿನ ಒಂದು ಯೂನಿಟ್. ನಿಮ್ಮ ಉತ್ತರ 1.36 ಯೂನಿಟ್ ಆಗುತ್ತದೆ. ಹೊಂಡ ಬರಿದು ಮಾಡಲು ಒಂದೂವರೆ ಯೂನಿಟ್ ಕೂಡ ಬೇಡವೇ ಎಂದರೆ ನಿಮ್ಮ ತಂದೆಯವರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಈ ಲೆಕ್ಕದಲ್ಲಿರುವುದು ನೀರನ್ನು ಮೇಲೆತ್ತುವ ಕೆಲಸ ಮಾತ್ರ. ಪೈಪಿನೊಳಗೆ ನೀರು ಉಜ್ಜಿಕೊಂಡು ಹೋಗುವುದಕ್ಕೆ, ಪಂಪು ಮತ್ತು ಮೋಟರ್ ಬಿಸಿಯಾಗುವುದಕ್ಕೆ ಹೋಗುವ ವಿದ್ಯುತ್ತು ಇದರಲ್ಲಿಲ್ಲ.

ಪೈಪಿನ ಘರ್ಷಣೆಯನ್ನು ಇದೇ ಸೂತ್ರದಲ್ಲಿ ಸೇರಿಸಬಹುದು. ಧಾರೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿದ್ದರೆ ಪ್ರತಿ ಲೀಟರಿಗೂ ಘರ್ಷಣೆಯ ದಂಡ ಒಂದೇ, ಅದು ಆಳವನ್ನು ನೋಡುವುದಿಲ್ಲ. ಅದನ್ನೂ ಮೀಟರಿನಲ್ಲೇ ಹೇಳುವುದು ರೂಢಿ. ನಿಮ್ಮ ಪೈಪು ಉದ್ದವಾಗಿದ್ದು ಘರ್ಷಣೆ 6 ಮೀಟರಿಗೆ ಸಮ ಎಂದಿಟ್ಟುಕೊಳ್ಳಿ. ಆಗ h + 2 ರ ಜಾಗದಲ್ಲಿ h + 8 ಬರೆಯಬೇಕು. ಕೆಲಸ 126 ಲಕ್ಷ ಜೌಲಿಗೆ, ಅಂದರೆ 3.5 ಯೂನಿಟ್‌ಗೆ ಏರುತ್ತದೆ. ಎತ್ತುವುದಕ್ಕಿಂತ ಪೈಪಿಗೇ ಹೆಚ್ಚು ಹೋಯಿತು. ಪಂಪು ಮೋಟರ್ ಎರಡೂ ಸೇರಿ ತೆಗೆದುಕೊಂಡದ್ದರಲ್ಲಿ ಅರ್ಧವನ್ನು ಮಾತ್ರ ನೀರಿಗೆ ಕೊಡುತ್ತವೆ ಎಂದು ಹಿಡಿದರೆ ಮೀಟರಿನಲ್ಲಿ 7 ಯೂನಿಟ್ ಓಡಿರುತ್ತದೆ. ಈ 6 ಮೀಟರ್ ಮತ್ತು ಅರ್ಧ ಎಂಬುವು ಉದಾಹರಣೆಗೆ ಹಿಡಿದವು. ಆದರೆ ಹೊಲದಲ್ಲಿ ಖರ್ಚು ಉಳಿಸಲು ಹೊರಟವರು ಹೊಂಡದ ಆಳಕ್ಕಿಂತ ಮೊದಲು ಪೈಪಿನ ದಪ್ಪವನ್ನು ನೋಡಬೇಕು ಎಂಬುದನ್ನು ಅವು ತೋರಿಸುತ್ತವೆ. ಸಣ್ಣ ಪೈಪಿನಲ್ಲಿ ಅಷ್ಟೇ ನೀರು ಹರಿಸಿದರೆ ಈ ದಂಡ ಬಹಳ ಬೇಗ ಬೆಳೆಯುತ್ತದೆ.

ನೀವೇ ಅಳೆದು ನೋಡಬಹುದು. ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಆ ಲೆಕ್ಕದಲ್ಲಿ ನಿಮ್ಮ 1,30,670 ಲೀಟರ್ ನೀರಿಗೆ ಏಳು ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಮೊದಲು ಒಮ್ಮೆ, ತಳ ಹತ್ತಿರವಾದಾಗ ಮತ್ತೊಮ್ಮೆ ಅಳೆಯಿರಿ. ಡ್ರಮ್ ತುಂಬುವ ಸಮಯ ಹೆಚ್ಚಾಗಿರುತ್ತದೆ. 3 ಮೀಟರ್ 5 ಮೀಟರ್ ಆದದ್ದು ಅಲ್ಲಿ ಕಾಣುತ್ತದೆ, ನಿಮ್ಮ ತಂದೆಯವರಿಗೂ ಅದನ್ನು ಅಲ್ಲಿಯೇ ತೋರಿಸಿ.

ಕೊನೆಯದಾಗಿ ತಳದ ಕಡೆಯ ಮಿತಿಯ ಬಗ್ಗೆ. ನಮ್ಮ ಎರೆಹೊಲದ ಹೊಂಡಗಳ ತಳದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹೂಳು ಕೂತಿರುತ್ತದೆ. ಹೂಳು ಎಳೆಯಬಾರದೆಂದು ಫುಟ್‌ವಾಲ್ವನ್ನು ತಳಕ್ಕೆ ತಾಗಿಸದೆ ಸ್ವಲ್ಪ ಮೇಲೆ ಕಟ್ಟುತ್ತಾರೆ. ನಿಮ್ಮಲ್ಲಿ ಅದು 30 ಸೆಂಟಿಮೀಟರ್ ಮೇಲಿದ್ದರೆ ಅದರ ಕೆಳಗಿನ ನೀರು ಬರುವುದೇ ಇಲ್ಲ, ಆಗ ಮೇಲ್ಮೈಯ ಕಡೆಯ ಮಿತಿ 1, ತಳದ ಕಡೆಯದು 3 ರ ಬದಲು 2.7. ಕೆಲಸ 49.13 ರಿಂದ ಸುಮಾರು 43.5 ಲಕ್ಷ ಜೌಲಿಗೆ ಇಳಿಯುತ್ತದೆ. ಫುಟ್‌ವಾಲ್ವ್ ಎಲ್ಲಿದೆ ಎಂಬುದು ಈ ಲೆಕ್ಕಕ್ಕೆ ಬೇಕಾಗುವುದು ಹೀಗೆ: ನೀರು ಎಷ್ಟು ಎತ್ತರ ಏರಬೇಕೆಂದು ಅದು ಹೇಳುವುದಿಲ್ಲ, ಯಾವ ಪದರಕ್ಕೆ ಲೆಕ್ಕ ನಿಲ್ಲಿಸಬೇಕೆಂದು ಹೇಳುತ್ತದೆ. ಕಾಲೇಜಿಗೆ ಒಪ್ಪಿಸುವಾಗ ಹೊಂಡದ ಚಿತ್ರದಲ್ಲಿ ದಂಡೆ, ನೀರಿನ ಮೇಲ್ಮೈ, ಫುಟ್‌ವಾಲ್ವ್, ಪೈಪಿನ ಬಾಯಿ ಈ ನಾಲ್ಕೂ ಮಟ್ಟಗಳನ್ನು ಗುರುತು ಹಾಕಿ, ಪಕ್ಕದಲ್ಲಿ h ನ ಬೆಲೆಗಳನ್ನು ಬರೆಯಿರಿ. ಪೈಪಿನ ಬಾಯಿ ದಂಡೆಗಿಂತ ಮೇಲಿರುವುದರಿಂದ ಅಲ್ಲಿ h = −2 ಎಂದು ಬರುತ್ತದೆ. ಏರಿಕೆ h + 2 ಆದದ್ದು ಅಲ್ಲಿಂದಲೇ: h ನಿಂದ −2 ನ್ನು ಕಳೆದದ್ದು ಅದು.